ಎದುರು ನೀರಿನ ಲೆಕ್ಕ

ಗುರುಲಿಂಗಮ್ಮ ಲೆಕ್ಕದ ಪರೀಕ್ಷೆಯಲ್ಲಿ ನಪಾಸಾದದ್ದು ಆಕೆ ಸಾಣಾಪುರದಲ್ಲಿ ಹುಟ್ಟಿದ ತಪ್ಪಿಗೆ ಎಂದು ಹಜರತಬೀ ಕೊನೆಯವರೆಗೂ ಹೇಳಿ ನಗುತ್ತಿದ್ದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಸಾಣಾಪುರದಲ್ಲಿ ಗುರುಲಿಂಗಮ್ಮನ ತಂದೆಯ ಹೊಲ ಹೊಳೆಯ ಆಚೆ ದಂಡೆಗಿತ್ತು. ಬಿತ್ತನೆಗೆ, ಕಳೆಗೆ, ಕೊಯಿಲಿಗೆ ಮನೆಮಂದಿಯೆಲ್ಲ ಹರಿಗೋಲಿನಲ್ಲೇ ದಾಟಬೇಕು. ಬಿದಿರ ಹೆಣಿಗೆಗೆ ಚರ್ಮ ಬಿಗಿದ ಆ ದುಂಡನೆಯ ಬುಟ್ಟಿಯಲ್ಲಿ ಅವಳು ನಡೆಯಲು ಕಲಿಯುವ ಮೊದಲೇ ಕೂತಿದ್ದಳು. ಹರಿಗೋಲು ನೆಟ್ಟಗೆ ದಾಟುವುದಿಲ್ಲ. ನೀರು ಅದನ್ನು ಕೆಳಕ್ಕೆ ಒಯ್ಯುತ್ತದೆ, ಅಂಬಿಗ ಹುಟ್ಟು ಹಾಕುತ್ತ ಅಡ್ಡಕ್ಕೆ ಎಳೆಯುತ್ತಾನೆ, ಎಲ್ಲೋ ಕೆಳಗಡೆ ದಂಡೆ ಸಿಗುತ್ತದೆ. ಮಂದಿ ಇಳಿದ ಮೇಲೆ ಅಂಬಿಗ ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ದಂಡೆ ಹಿಡಿದು ಮೇಲಕ್ಕೆ ನಡೆದು ಹೋಗಿ, ಮತ್ತೆ ಅಲ್ಲಿಂದ ನೀರಿಗೆ ಬಿಡುತ್ತಾನೆ. ದೂರದಿಂದ ನೋಡಿದರೆ ದೊಡ್ಡ ಆಮೆಯೊಂದು ಎರಡು ಕಾಲಿನ ಮೇಲೆ ಹೊರಟಂತೆ ಕಾಣುತ್ತದೆ. ಹೊಳೆಗೆ ಎದುರಾಗಿ ಹುಟ್ಟು ಹಾಕಿದವನನ್ನು ಗುರುಲಿಂಗಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅವಳನ್ನು ಯಲಬುರ್ಗಾಕ್ಕೆ ಕೊಟ್ಟರು. ಗಂಡ ಕರಿಬಸಪ್ಪ ಗಂಡುಮಕ್ಕಳ ಶಾಲೆಯ ಮಾಸ್ತರ. ಕರಿ ನೆಲದ ಆ ಊರಿನಲ್ಲಿ ಹೊಳೆಯೂ ಇಲ್ಲ, ಹರಿಗೋಲೂ ಇಲ್ಲ. ಮನೆಗೆಲಸ ಮುಗಿದ ಮೇಲೆ ಕರಿಬಸಪ್ಪ ಹೆಂಡತಿಗೆ ಓದು ಬರಹ ಕಲಿಸಿದ, ಭಾಗಾಕಾರ ಕಲಿಸಿದ, ಒಂದಿಷ್ಟು ಉರ್ದುವನ್ನೂ ಕಲಿಸಿದ. ಕಲಿಸುತ್ತ ಕಲಿಸುತ್ತಲೇ ಪ್ಲೇಗಿನಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ.

ಅದೇ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದು ಬಾಗಿಲು ಹಾಕಿಕೊಂಡು ಬಿದ್ದಿತ್ತು. ಗಂಡಸು ಮಾಸ್ತರನ ಮುಂದೆ ಮಗಳನ್ನು ಕೂಡಿಸಲು ಯಾರಿಗೂ ಮನಸ್ಸಿಲ್ಲ, ಹೆಂಗಸು ಮಾಸ್ತರು ಸಿಗುವುದಿಲ್ಲ. ಊರಿನವರೇ ಬಂದು ಕೇಳಿಕೊಂಡರು. ಗುರುಲಿಂಗಮ್ಮ ಹಂಗಾಮಿ ಅಕ್ಕೋರಾದಳು. ಶಾಲೆಯ ಕಸ ತಾನೇ ಗುಡಿಸಿ, ಬಾಗಿಲಿಗೆ ತಾನೇ ಕೆಮ್ಮಣ್ಣು ಸಾರಿಸಿ ಶುರು ಮಾಡಿದಳು. ಮೊದಲು ನಾಲ್ಕಾರು ಹುಡುಗಿಯರು, ಆಮೇಲೆ ಜಗಲಿ ತುಂಬ ಹುಡುಗಿಯರು. ಗಂಡ ಹೋದ ಮೇಲೆ ಬೆಳಗ್ಗೆ ಏಳುವುದಕ್ಕೆ ಒಂದು ಕಾರಣ ಸಿಕ್ಕಿದ್ದು ಅವಳಿಗೆ ಆಗಲೇ.

ಆದರೆ ಹಂಗಾಮಿ ಎಂದರೆ ಹಂಗಾಮಿ. ತಾಲೀಮು ಇಲಾಖೆಯಿಂದ, ಅಂದರೆ ಶಿಕ್ಷಣ ಇಲಾಖೆಯಿಂದ, ಹುಕುಂ ಬಂತು: ಪರೀಕ್ಷೆಯಲ್ಲಿ ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಬೇರೆಯವರನ್ನು ಕಳಿಸುತ್ತೇವೆ, ಬರುವವರು ಸಿಗದಿದ್ದರೆ ಶಾಲೆ ಮತ್ತೆ ಬಂದ್. ಯಲಬುರ್ಗಾಕ್ಕೆ ಬರುವ ಹೆಂಗಸು ಮಾಸ್ತರು ಯಾರೂ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಎರಡು ಸಲ ಕೂತುಕೊಳ್ಳಬಹುದು, ಮೂರನೆಯ ಸಲವಿಲ್ಲ.

ಅದು ಲಡಾಯಿಯ ಕಾಲ. ಕಾಗದ ಸಿಗುತ್ತಿರಲಿಲ್ಲ. ಹಾಳೆಗಟ್ಟಲೆ ಬರೆಸುವುದು ಬೇಡವೆಂದು ಆ ವರ್ಷ ಹೊಸ ನಮೂನೆಯ ಪರ್ಚೆ, ಅಂದರೆ ಪ್ರಶ್ನೆಪತ್ರಿಕೆ, ಮಾಡಿದ್ದರು. ಒಂದೊಂದು ಲೆಕ್ಕದ ಕೆಳಗೆ ನಾಲ್ಕು ಉತ್ತರ ಅಚ್ಚಾಗಿರುತ್ತಿದ್ದವು. ಸರಿಯಾದದ್ದಕ್ಕೆ ಗೀಟು ಹಾಕಿದರೆ ಸಾಕು. ಇದೆಷ್ಟು ಸುಲಭ ಎಂದುಕೊಂಡೇ ಗುರುಲಿಂಗಮ್ಮ ಕೊಪ್ಪಳದಲ್ಲಿ ಪರೀಕ್ಷೆಗೆ ಕೂತಳು. ಅವಳು ಮಾಡಿದ ಲೆಕ್ಕದ ಉತ್ತರ ಪ್ರತಿ ಸಲವೂ ಆ ನಾಲ್ಕರಲ್ಲಿ ಇದ್ದೇ ಇರುತ್ತಿತ್ತು. ತನ್ನ ಉತ್ತರ ಅಚ್ಚಿನಲ್ಲೇ ಇರುವಾಗ ಅದು ತಪ್ಪಾಗುವುದು ಹೇಗೆ? ಹಿಗ್ಗಿನಿಂದ ಗೀಟು ಹಾಕುತ್ತ ಹೋದಳು.

ಫಲಿತಾಂಶದ ದಿನ ಕಚೇರಿಯ ಗುಮಾಸ್ತ ಹೆಸರು ಓದಿದ. ಅವಳ ಹೆಸರು ಬರಲಿಲ್ಲ. ಕೇಳಿದ್ದಕ್ಕೆ, "ಲೆಕ್ಕದಾಗ ಹೋಗೈತ್ರಿ, ಗಾಡಿ ದೋಣಿ ಲೆಕ್ಕದಾಗ" ಎಂದ. ಗುರುಲಿಂಗಮ್ಮ ಪಡಸಾಲೆಯ ಕಂಬ ಹಿಡಿದು ನಿಂತು ತನ್ನಷ್ಟಕ್ಕೆ ತಾನೇ, "ಮೂರು ತಾಸ ಅಲ್ಲೇನು ಮತ್ತ? ಹೋಗಾಕ ಒಂದು, ಬರಾಕ ಎರಡು..." ಎಂದು ಗುಣುಗುತ್ತಿದ್ದಳು.

ಪಕ್ಕದಲ್ಲಿ ನಿಂತಿದ್ದ ಎತ್ತರದ ಹೆಂಗಸೊಬ್ಬರು ತಿರುಗಿ ನೋಡಿದರು. ಅವರೇ ಹಜರತಬೀ, ಕೊಪ್ಪಳದ ಉರ್ದು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳುವ ಅಕ್ಕೋರು. ಪಗಾರಕ್ಕೆ ಬಂದಿದ್ದರು.

"ಯಾವ ದೋಣಿ ಲೆಕ್ಕವಾ ತಂಗಿ ಅದು?"

ಗುರುಲಿಂಗಮ್ಮ ಬಾಯಿಪಾಠ ಒಪ್ಪಿಸುವಂತೆ ಹೇಳಿದಳು. ನಿಂತ ನೀರಿನಲ್ಲಿ ದೋಣಿ ತಾಸಿಗೆ ನಾಲ್ಕು ಮೈಲಿ ಹೋಗುತ್ತದೆ. ಹೊಳೆ ತಾಸಿಗೆ ಎರಡು ಮೈಲಿ ಹರಿಯುತ್ತದೆ. ದೋಣಿ ಹೊಳೆಯ ಜೊತೆ ಆರು ಮೈಲಿ ಹೋಗಿ ಹೊರಟಲ್ಲಿಗೇ ಬಂದರೆ ಒಟ್ಟು ಎಷ್ಟು ಹೊತ್ತು?

"ಹೋಗಾಕ ನಾಲ್ಕು, ಎರಡು, ಕೂಡಿ ಆರು. ಒಂದು ತಾಸು. ಖರೆ ಐತಿ. ಬರಾಕ ಎರಡು ತಾಸು ಎಲ್ಲಿಂದ ತಂದಿ? ಎದುರು ನೀರಾಗ ನಾಲ್ಕರಾಗ ಎರಡು ಕಳದ್ರ ತಾಸಿಗೆ ಎರಡು ಮೈಲಿ. ಆರು ಮೈಲಿಗೆ ಮೂರು ತಾಸು. ಒಟ್ಟು ನಾಲ್ಕು."

"ಎದುರು ನೀರಾಗ ಯಾರು ಬರ್ತಾರ್ರೀ?" ಗುರುಲಿಂಗಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹರಗೋಲು ತಲಿ ಮ್ಯಾಲ ಹೊತ್ಕೊಂಡು ದಂಡಿಗುಂಟ ನಡಕೊಂತ ಬರ್ತಾರ. ಹೊತ್ಕೊಂಡಾಂವ ತಾಸಿಗೆ ಮೂರು ಮೈಲಿ ನಡಿತಾನ. ಆರು ಮೈಲಿಗೆ ಎರಡು ತಾಸು. ಪರ್ಚೆದಾಗೂ ಮೂರು ತಾಸು ಅಂತ ಇತ್ತಲ್ಲರಿ!"

ಹಜರತಬೀ ಸೆರಗು ಬಾಯಿಗೆ ಒತ್ತಿಕೊಂಡರು. ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕುಸಿದು ಕೂತರು. ಕಣ್ಣೊರೆಸಿಕೊಂಡು, "ಯಾ ಅಲ್ಲಾ! ದೋಣಿನ ಹೊತ್ಕೊಂಡು ಬಂದಿಯಲ್ಲ ನಮ್ಮವ್ವ! ಆ ಮೂರು ಇಟ್ಟಿದ್ದು ನಿನ್ನ ಸಲುವಾಗಿ ಅಲ್ಲ. ಹೊಳಿ ಐತಿ ಅನ್ನೂದ ಮರತು ಹನ್ನೆರಡಕ್ಕ ನಾಲ್ಕರಿಂದ ಭಾಗ ಹಾಕಿದಾಕಿ ಸಲುವಾಗಿ ಇಟ್ಟಾರ. ಅದರಾಗ ನೀ ನಡಕೊಂತ ಬಂದು ಬಿದ್ದಿ" ಎಂದರು.

ಗುರುಲಿಂಗಮ್ಮನಿಗೆ ಮೊದಲು ಅಳು ಬಂತು, ಆಮೇಲೆ ಅವರ ನಗು ನೋಡಿ ತನಗೂ ನಗು ಬಂತು. ಬಸ್ಸಿಗೆ ಹೊತ್ತಿತ್ತು. ಶಾಲೆಯ ಕಥೆ, ಹುಕುಮಿನ ಕಥೆ ಎಲ್ಲ ಹೇಳಿಕೊಂಡಳು. ಹಜರತಬೀ ಕೇಳಿಸಿಕೊಂಡರು, ಎದ್ದು ಸೀರೆ ಕೊಡವಿಕೊಂಡರು.

"ಬ್ಯಾಸಗಿ ಸೂಟಿಗೆ ಕೊಪ್ಪಳಕ್ಕ ಬಾ. ಮನಿ ಸ್ಟೇಶನ್ ಹಿಂದ ಐತಿ. ಹಜರತಬೀ ಅಕ್ಕೋರ ಮನಿ ಅಂದ್ರ ಯಾರರ ತೋರಿಸ್ತಾರ."

ಕೊಪ್ಪಳದ ಕೋಟೆ ಓಣಿಯಲ್ಲಿ ಗುರುಲಿಂಗಮ್ಮನ ದೂರದ ಚಿಕ್ಕಮ್ಮ ಕಳಕಮ್ಮ ಇದ್ದಳು. ಬೇಸಿಗೆಯಲ್ಲಿ ಅಲ್ಲಿ ಇಳಿದುಕೊಂಡಳು. ಇದ್ದಿಲಿನ ಹೊಗೆಯಿಂದ ಓಡುವ ಮೋಟಾರಿನಲ್ಲಿ ಬಂದಿದ್ದರಿಂದ ಮುಖವೆಲ್ಲ ಮಸಿಯಾಗಿತ್ತು. ದಿನವೂ ಉಂಡು, ಬಿಸಿಲು ತಗ್ಗಿದ ಮೇಲೆ ಸ್ಟೇಶನ್ನಿನ ಕಡೆ ನಡೆಯುತ್ತಿದ್ದಳು. ಕಳಕಮ್ಮ ಚುಚ್ಚದೆ ಬಿಡುತ್ತಿರಲಿಲ್ಲ. "ರೈಲು ಹತ್ತಾಕ ಕೈಯಾಗ ದುಡ್ಡಿಲ್ಲ, ಅದು ಎಷ್ಟು ಜೋರು ಓಡ್ತೈತಿ ಅಂತ ಎಣಿಸಾಕ ಹೊಂಟಾಳ ನೋಡು!"

ಹಜರತಬೀಯವರ ಗಂಡ ರೈಲು ಹಳಿ ರಿಪೇರಿಯ ಕೆಲಸದಲ್ಲಿದ್ದು ತೀರಿಕೊಂಡಿದ್ದ. ತಮ್ಮ ಹೈದರಸಾಬ ಅದೇ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ ಕೆಲಸಗಾರ. ಅಕ್ಕ ತಮ್ಮ ಇಬ್ಬರದೇ ಸಂಸಾರ. ಮನೆಯ ಮುಂದೆ ಬೇವಿನ ಮರ, ಅದರ ಬುಡದಲ್ಲಿ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಕೂತರೆ ಹಳಿ ಕಾಣುತ್ತಿತ್ತು. ಆ ಕಟ್ಟೆಯ ಹಾಸುಗಲ್ಲೇ ಕರಿಹಲಗೆ, ಸುಣ್ಣದ ತುಂಡೇ ಬಳಪ.

ಮೊದಲ ದಿನ ಹಜರತಬೀ ಅದೇ ಹಳೆಯ ಪರೀಕ್ಷೆಯ ಗಾಡಿ ಲೆಕ್ಕ ಕೇಳಿದರು. ನೂರಾ ಮೂವತ್ತೆರಡು ಗಜ ಉದ್ದದ ರೈಲುಗಾಡಿ ಒಂದು ತಂತಿ ಕಂಬವನ್ನು ಒಂಬತ್ತು ಸೆಕೆಂಡಿನಲ್ಲಿ ದಾಟುತ್ತದೆ, ಗಾಡಿಯ ರಫ್ತಾರ್ ಎಷ್ಟು? ವೇಗಕ್ಕೆ ಅವರು ರಫ್ತಾರ್ ಎಂದೇ ಅನ್ನುತ್ತಿದ್ದರು.

ಗುರುಲಿಂಗಮ್ಮ ಗಜಕ್ಕೆ ಮೂರರಂತೆ ಅಡಿ ಮಾಡಿದಳು, ಮುನ್ನೂರ ತೊಂಬತ್ತಾರು. ಒಂಬತ್ತರಿಂದ ಭಾಗಿಸಿದಳು. "ನಲವತ್ನಾಲ್ಕು ರೀ ಅಕ್ಕೋರ."

"ನಲವತ್ನಾಲ್ಕು ಏನು?"

"ನಲವತ್ನಾಲ್ಕ ರೀ."

"ನಲವತ್ನಾಲ್ಕು ಏನವಾ? ಬದನಿಕಾಯೇನು?"

"ಅಡಿ ರೀ."

"ಎಷ್ಟು ಹೊತ್ತಿಗೆ?"

"ಸೆಕೆಂಡಿಗೆ."

"ಮತ್ತ ಪರ್ಚೆದಾಗ ಎಲ್ಲಿ ಗೀಟು ಹಾಕಿದ್ದಿ?"

ಗುರುಲಿಂಗಮ್ಮ ಹಣೆ ಬಡಿದುಕೊಂಡಳು. ಅಲ್ಲಿ ಇದ್ದದ್ದು 'ತಾಸಿಗೆ ನಲವತ್ತನಾಲ್ಕು ಮೈಲಿ'. ಅಂಕಿ ನೋಡಿದ್ದಳು, ಮುಂದಿನದು ನೋಡಿರಲಿಲ್ಲ.

"ಅಂಕಿಗೆ ಬಾಲ ಇರ್ತೈತಿ" ಎಂದರು ಹಜರತಬೀ. "ಮೈಲಿ, ಫರ್ಲಾಂಗು, ಗಜ, ಅಡಿ ಒಂದು ಕಡೆ. ತಾಸು, ನಿಮಿಷ, ಸೆಕೆಂಡು ಇನ್ನೊಂದು ಕಡೆ. ಪರ್ಚೆ ಮಾಡಾಂವ ಅಂಕಿ ಖರೇದ ಇಡ್ತಾನ, ಬಾಲ ಸುಳ್ಳು ಹಚ್ತಾನ. ನೀ ಅಂಕಿ ಕಂಡ ಕೂಡ್ಲೇ ಕುಣದಿ."

ಆಮೇಲೆ ಬಾಲ ಬದಲಿಸುವುದು ಕಲಿಸಿದರು. ತಾಸಿಗೆ ಹದಿನೈದು ಮೈಲಿ ಎಂದರೆ ಸೆಕೆಂಡಿಗೆ ಎಷ್ಟು ಅಡಿ? ಮೈಲಿಗೆ ಐದು ಸಾವಿರದ ಇನ್ನೂರ ಎಂಬತ್ತು ಅಡಿ, ಹದಿನೈದು ಮೈಲಿಗೆ ಎಪ್ಪತ್ತೊಂಬತ್ತು ಸಾವಿರದ ಇನ್ನೂರು. ತಾಸಿಗೆ ಮೂರು ಸಾವಿರದ ಆರುನೂರು ಸೆಕೆಂಡು. ಭಾಗಿಸಿದರೆ ಇಪ್ಪತ್ತೆರಡು, ಒಂದು ಚೂರೂ ಉಳಿಯುವುದಿಲ್ಲ. ತಾಸಿಗೆ ಹದಿನೈದು ಮೈಲಿಯೂ ಸೆಕೆಂಡಿಗೆ ಇಪ್ಪತ್ತೆರಡು ಅಡಿಯೂ ಒಂದೇ. ಹಾಗಾದರೆ ನಲವತ್ತನಾಲ್ಕು ಅಡಿ ಎಂದರೆ ಅದರ ಎರಡು ಪಟ್ಟು, ತಾಸಿಗೆ ಮೂವತ್ತು ಮೈಲಿ. ಗುರುಲಿಂಗಮ್ಮ ತಾನೇ ಭಾಗಿಸಿ ನೋಡದೆ ಅದನ್ನು ಒಪ್ಪಲಿಲ್ಲ. ಕಲ್ಲಿನ ಮೇಲೆ ಪೂರ್ತಿ ಭಾಗಾಕಾರ ಮಾಡಿ, ಶೇಷ ಇಲ್ಲವೆಂದು ಕಂಡ ಮೇಲೆಯೇ ಗೋಣು ಹಾಕಿದಳು. ಆ ಸ್ವಭಾವ ಹಜರತಬೀಗೆ ಹಿಡಿಸಿತು.

ಆದರೂ ನಾಲ್ಕು ಉತ್ತರ ಎದುರಿಗೆ ಬಂದೊಡನೆ ಅವಳ ಕಣ್ಣು ಪರಿಚಯದ ಅಂಕಿಯ ಕಡೆಗೇ ಓಡುತ್ತಿತ್ತು. ಒಂದು ವಾರ ನೋಡಿ ಹಜರತಬೀ ದಾರಿ ಬದಲಿಸಿದರು.

"ಇವತ್ತಿಂದ ನೀ ಲೆಕ್ಕ ಬಿಡಿಸಬ್ಯಾಡ. ಮೀನಿಗೆ ಹಾಕಿದಂಗ ಬಲಿ ಹಾಕು."

"ಬಲಿ ಅಂದ್ರ?"

"ಲೆಕ್ಕ ನೀನ ಮಾಡು, ನಾಲ್ಕು ಉತ್ತರ ನೀನ ಇಡು. ಮೂರು ಸುಳ್ಳು ಇಡಬೇಕು. ಒಂದೊಂದು ಸುಳ್ಳಿಗೂ ಅದರಾಗ ಬೀಳಾಕಿ ಒಬ್ಬಾಕಿ ಇರಬೇಕು. ಆಕಿ ಯಾರು, ಏನು ಮರತು ಬಿದ್ಲು ಅಂತ ನನಗ ಹೇಳಬೇಕು. ಸುಮ್ಮ ಬಾಯಿಗೆ ಬಂದ ಅಂಕಿ ಇಟ್ರ ಕೈ ಮ್ಯಾಲ ಬಾರಸ್ತೀನಿ."

ಆ ಕಂಬದ ಲೆಕ್ಕಕ್ಕೇ ಮೊದಲು ಬಲೆ ಹಾಕಿದಳು. ಮೂವತ್ತು ಮೈಲಿ ನಿಜ. ನಲವತ್ತನಾಲ್ಕು ಮೈಲಿ 'ಬಾಲ ಮರೆತಾಕಿ'ಗೆ. ಹತ್ತು ಮೈಲಿ, ಗಜವನ್ನೇ ಅಡಿ ಎಂದು ತಿಳಿದು ಮುಂದಿನದೆಲ್ಲ ಸರಿಯಾಗಿ ಮಾಡಿದ 'ಗಜದಾಕಿ'ಗೆ. ಹದಿನಾಲ್ಕೂ ಮೂರನೇ ಎರಡು ಮೈಲಿ, ನೂರಾ ಮೂವತ್ತೆರಡನ್ನು ಒಂಬತ್ತರಿಂದ ಭಾಗಿಸಿ ಎದ್ದುಹೋದ 'ಅವಸರದಾಕಿ'ಗೆ. ಹೆಸರಿಡುತ್ತ ಹೋದಂತೆ ಆ ಹೆಂಗಸರು ಓಣಿಯವರಂತೆ ಕಣ್ಣಿಗೆ ಕಟ್ಟತೊಡಗಿದರು. ಅವಸರದಾಕಿಗೆ ಕಳಕಮ್ಮನದೇ ಮುಖ ಇತ್ತು.

ಒಂದು ಸಂಜೆ ಕೆಲಸದಿಂದ ಬಂದ ಹೈದರಸಾಬ ಕಟ್ಟೆಯ ಕಲ್ಲನ್ನು ಬಗ್ಗಿ ನೋಡಿದ. ಅದೇ ಗಾಡಿ, ಅದೇ ಮೂವತ್ತು ಮೈಲಿ ರಫ್ತಾರ್, ಮುನ್ನೂರ ಎಂಟು ಗಜದ ಪ್ಲಾಟ್‌ಫಾರ್ಮು ದಾಟಲು ಎಷ್ಟು ಹೊತ್ತು? ಗುರುಲಿಂಗಮ್ಮ ನಿಜವೆಂದು ಇಟ್ಟಿದ್ದು ಇಪ್ಪತ್ತೊಂದು ಸೆಕೆಂಡು.

"ಅಕ್ಕೋರ," ಎಂದ ಹೈದರಸಾಬ, ಬಲು ಮರ್ಯಾದೆಯಿಂದ, "ನಿಮ್ಮ ಲೆಕ್ಕದಾಗ ಇಂಜಿನ್ ಅಷ್ಟ ಪ್ಲಾಟ್‌ಫಾರ್ಮು ದಾಟೈತ್ರಿ. ಗಾರ್ಡ್ ಸಾಹೇಬ್ರು ಇನ್ನೂ ಒಳಗ ಅದಾರ. ಅವರ್ನ ಬಿಟ್ಟು ಗಾಡಿ ಹೋತಂದ್ರ ನನ್ನ ನೌಕರಿ ಹೋಗ್ತೈತ್ರಿ."

ಹಜರತಬೀ ಗೋಡೆಗೆ ಒರಗಿ ನಕ್ಕರು. ಗುರುಲಿಂಗಮ್ಮ ನಾಲಿಗೆ ಕಚ್ಚಿಕೊಂಡು ಗಾಡಿಯ ಉದ್ದವನ್ನೂ ಕೂಡಿದಳು. ನಾನೂರ ನಲವತ್ತು ಗಜ, ಸಾವಿರದ ಮುನ್ನೂರ ಇಪ್ಪತ್ತು ಅಡಿ, ಮೂವತ್ತು ಸೆಕೆಂಡು. ಇಪ್ಪತ್ತೊಂದನ್ನು ಅಳಿಸದೆ ಹಾಗೇ ಉಳಿಸಿ, ಅದಕ್ಕೆ 'ಗಾರ್ಡನ್ನ ಬಿಟ್ಟಾಕಿ' ಎಂದು ಹೆಸರಿಟ್ಟಳು.

ಗಾಡಿ ಹೀಗೆ ಪಳಗಿತು. ದೋಣಿ ಪಳಗಲಿಲ್ಲ. ಹೊಳೆಯ ಜೊತೆ ಹೋದರೆ ಕೂಡಬೇಕು, ಎದುರು ಹೋದರೆ ಕಳೆಯಬೇಕು ಎಂದು ಬಾಯಿಂದ ಹೇಳುತ್ತಿದ್ದಳು. ಆದರೆ ಲೆಕ್ಕ ಮಾಡುವಾಗ ಎದುರು ನೀರು ಬಂದೊಡನೆ ಸುಣ್ಣದ ತುಂಡು ನಿಂತುಬಿಡುತ್ತಿತ್ತು. ಮನಸ್ಸಿನಲ್ಲಿ ಅಂಬಿಗ ಹರಿಗೋಲು ಹೊತ್ತುಬಿಡುತ್ತಿದ್ದ. ಕೂಡಿಸಬೇಕಾದಲ್ಲಿ ಕಳೆಯುವುದು, ಕಳೆಯಬೇಕಾದಲ್ಲಿ ಏನೂ ಮಾಡದಿರುವುದು.

"ಕಾಣದ್ದು ಹೆಂಗ ಕಳೀಲಿ ಅಕ್ಕೋರ?" ಎಂದಳು ಒಂದು ದಿನ. "ಎದುರು ಹೋಗೂದು ಒಮ್ಮೆನೂ ನೋಡಿಲ್ಲ."

ಹಜರತಬೀ ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡರು. ಆಮೇಲೆ, "ಬರೂ ಜುಮ್ಮಾ ದಿನ ಹೊಳಿಗೆ ಹೋಗೂಣು. ನಡಿ, ನೋಡೂಣು" ಎಂದರು.

ಆ ಶುಕ್ರವಾರ ಇಬ್ಬರೂ ಗಾಡಿ ಹತ್ತಿ ಮುನಿರಾಬಾದಿನಲ್ಲಿ ಇಳಿದು ಹೊಳೆಗೆ ಹೋದರು. ಬೇಸಿಗೆಯ ಹೊಳೆ, ಬಂಡೆಗಳ ನಡುವೆ ಇಳಿದು ಹರಿಯುತ್ತಿತ್ತು. ಅಂಬಿಗನೊಬ್ಬ ಹರಿಗೋಲನ್ನು ದಂಡೆಗೆ ಎಳೆದು ಬೀಡಿ ಸೇದುತ್ತ ಕೂತಿದ್ದ. ಹಜರತಬೀ ಏನು ಬೇಕೆಂದು ಹೇಳಿದರು.

ಅವನು ಬೀಡಿ ಬಾಯಿಂದ ತೆಗೆದ. "ಎದುರು ಹುಟ್ಟು ಹಾಕ್ಲಾ? ದಂಡಿ ಇಷ್ಟು ಛಲೋ ಇರೂವಾಗ? ಯಾರ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ತೀರಿಸ್ತೀರಿ ಬೂಬಮ್ಮಾರ?"

"ಒಂದು ಲೆಕ್ಕ ಐತಪ್ಪ."

"ಲೆಕ್ಕದೋರು ದಂಡಿ ಮ್ಯಾಲ ಕುಂದ್ರಬೇಕು, ಹೊಳ್ಯಾಗ ಯಾಕ ಬರ್ತೀರಿ?"

ಗುರುಲಿಂಗಮ್ಮ ಸಾಣಾಪುರದವಳೆಂದು ಹೇಳಿದ ಮೇಲೆ ಎದ್ದ. ಅವಳು ಒಂದು ಕಾಲು ನಡುವಿಗಿಟ್ಟು ಹಗುರಾಗಿ ಹತ್ತಿ ಕೂತಳು. ತಿರುಗಿ ನೋಡಿದರೆ ಹಜರತಬೀ ದಂಡೆಯ ಮೇಲೇ ನಿಂತಿದ್ದರು.

"ಬರ್ರಿ ಅಕ್ಕೋರ."

"ಇದು ತಿರಗ್ತೈತಲ್ಲವಾ."

"ಹರಗೋಲು ತಿರಗ್ತೈತ್ರಿ ಮತ್ತ. ನೀವು ಕುಂತಿಲ್ಲೇನು ಒಮ್ಮೆನೂ?"

ಹಜರತಬೀ ತಲೆಯಾಡಿಸಿದರು. ಇಷ್ಟು ವರ್ಷ ಮಕ್ಕಳಿಗೆ ದೋಣಿ ಲೆಕ್ಕ ಹೇಳಿದವರು ಯಾವ ದೋಣಿಯಲ್ಲೂ ಕಾಲಿಟ್ಟಿರಲಿಲ್ಲ. ಗುರುಲಿಂಗಮ್ಮ ಕೈ ಚಾಚಿದಳು. ಅವರು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ದೇವರ ಹೆಸರು ಹೇಳುತ್ತ ಕಣ್ಣು ಮುಚ್ಚಿ ಇಳಿದರು. ತಿರುಗಿ ದಂಡೆಗೆ ಬರುವವರೆಗೆ ಆ ಕೈ ಬಿಡಲಿಲ್ಲ.

ಅಂಬಿಗ ಮೊದಲು ಕೆಳಕ್ಕೆ ಬಿಟ್ಟ. ದಂಡೆಯ ಜಾಲಿಗಿಡಗಳು ಹಿಂದಕ್ಕೆ ಓಡಿದವು. ಆಮೇಲೆ ಎದುರು ತಿರುಗಿಸಿದ. ಮಂಡಿಯೂರಿ, ಹಲ್ಲು ಕಚ್ಚಿ, ಅದೇ ಹುಟ್ಟು ಅದೇ ಕೈ, ಮೊದಲಿಗಿಂತ ಜೋರಾಗಿಯೇ ಹಾಕಿದ. ಹರಿಗೋಲಿನ ಬದಿಯಲ್ಲಿ ನೀರು ಭರ್ರನೆ ಹಿಂದೆ ಹೋಗುತ್ತಿತ್ತು. ನೀರನ್ನೇ ನೋಡಿದರೆ ಓಡುತ್ತಿದ್ದೇವೆ ಎನ್ನಿಸಬೇಕು. ಗುರುಲಿಂಗಮ್ಮ ತಲೆಯೆತ್ತಿ ದಂಡೆ ನೋಡಿದಳು. ಜಾಲಿಗಿಡ ಇದ್ದಲ್ಲೇ ಇದ್ದಂತಿತ್ತು. ಬಹಳ ಹೊತ್ತಿನ ಮೇಲೆ ಒಂದು ಗಿಡ, ಮತ್ತೆ ಬಹಳ ಹೊತ್ತಿನ ಮೇಲೆ ಇನ್ನೊಂದು.

"ಅಕ್ಕೋರ, ಇಂವ ನಾಲ್ಕು ಹಾಕ್ತಾನ, ಹೊಳಿ ಎರಡು ಕಸಗೊಂತೈತಿ!" ಎಂದು ಕೂಗಿದಳು. "ಕಸಗೊಂಡು ಉಳದಿದ್ದಷ್ಟ ನಮಗ!"

"ಅದನ್ನ ನಾ ಬ್ಯಾಸಗಿ ಹಿಡದಾಗಿಂದ ಹೇಳಾಕತ್ತೀನಿ" ಎಂದರು ಹಜರತಬೀ, ಕಣ್ಣು ಮುಚ್ಚಿಕೊಂಡೇ. "ಈಗ ದಂಡಿಗೆ ಹಚ್ಚಂತ ಹೇಳವಾ."

ಎರಡನೆಯ ಪರೀಕ್ಷೆ ಮುಂಗಾರಿನ ಮೊದಲಿಗೆ ಬಂತು. ಅದೇ ಪಡಸಾಲೆ. ಗಾಡಿಯ ಲೆಕ್ಕಗಳು ಬಂದವು. ಪ್ರತಿ ಲೆಕ್ಕದ ಕೆಳಗೂ ಬಾಲ ಮರೆತಾಕಿ, ಗಜದಾಕಿ, ಗಾರ್ಡನ್ನ ಬಿಟ್ಟಾಕಿ ಸಾಲಾಗಿ ಕೂತಿದ್ದರು. ಗುರುಲಿಂಗಮ್ಮ ಅವರವರ ಗುರುತು ಹಿಡಿದು, ಪಕ್ಕಕ್ಕೆ ಸರಿಸಿ, ನಿಧಾನಕ್ಕೆ ಗೀಟು ಹಾಕುತ್ತ ಬಂದಳು. ಕೊನೆಗೆ ದೋಣಿ ಬಂತು.

ದೋಣಿಯೊಂದು ಹೊಳೆಯ ಜೊತೆ ಎಂಟು ಫರ್ಲಾಂಗು ಹತ್ತು ನಿಮಿಷದಲ್ಲಿ ಹೋಗುತ್ತದೆ. ಅದೇ ದೂರ ಎದುರು ಬರಲು ಮೂವತ್ತು ನಿಮಿಷ. ಹೊಳೆಯ ವೇಗವೆಷ್ಟು?

ಎಂಟು ಫರ್ಲಾಂಗು ಎಂದರೆ ಒಂದು ಮೈಲಿ. ಹತ್ತು ನಿಮಿಷಕ್ಕೆ ಒಂದಾದರೆ ತಾಸಿಗೆ ಆರು. ಮೂವತ್ತಕ್ಕೆ ಒಂದಾದರೆ ತಾಸಿಗೆ ಎರಡು. ಹೊಳೆ ಹೋಗುವಾಗ ಕೊಟ್ಟಿತು, ಬರುವಾಗ ಕಸಿಯಿತು. ನಡುವಿನ ಅಂತರ ನಾಲ್ಕು, ಅದರ ಅರ್ಧ ಎರಡು. ಹೊಳೆ ತಾಸಿಗೆ ಎರಡು ಮೈಲಿ. ಕೆಳಗೆ ನೋಡಿದಳು. ಮೊದಲನೆಯದೇ ಎರಡು ಮೈಲಿ. ಕೈ ಅಲ್ಲಿಗೆ ಹೋಯಿತು. ಲೇಖಣಿಕೆ ಕಾಗದಕ್ಕೆ ತಾಗುವ ಮುಂಚೆ ಬಾಲ ಕಂಡಿತು. 'ನಿಮಿಷಕ್ಕೆ ಎರಡು ಮೈಲಿ.'

ಅವಳ ಕಣ್ಣ ಮುಂದೆ ಹೊಳೆ ನಿಮಿಷಕ್ಕೆ ಎರಡು ಮೈಲಿ ಬಂತು. ಡಾಕಗಾಡಿಯನ್ನು ಹಿಂದೆ ಹಾಕಿ, ಬಂಡೆ ಹಾರಿ, ಸಾಣಾಪುರ, ಹೊಲ, ಅಂಬಿಗ, ತಲೆಯ ಮೇಲಿನ ಹರಿಗೋಲು ಎಲ್ಲವನ್ನೂ ಹೊತ್ತು ಬಂತು. ಗುರುಲಿಂಗಮ್ಮ ಕಿಸಕ್ಕನೆ ನಕ್ಕುಬಿಟ್ಟಳು.

ಪರೀಕ್ಷೆಯ ಮೇಲ್ವಿಚಾರಣೆಗೆ ಬಂದಿದ್ದ ಸಾಹೇಬರು ಹತ್ತಿರ ಬಂದರು. "ಏನಾತ್ರಿ?"

"ತಪ್ಪಾತ್ರಿ ಸಾಹೇಬರ. ಈ ಹೊಳಿ ಇಷ್ಟು ಜೋರು ಹರಿದ್ರ ನಮ್ಮೂರು ಉಳಿಯೂದಿಲ್ರಿ."

ಸಾಹೇಬರು ಪರ್ಚೆ ನೋಡಿದರು, ಮೀಸೆಯ ಮೇಲೆ ಕೈ ಇಟ್ಟುಕೊಂಡರು. "ಮಾತಾಡಬ್ಯಾಡ್ರಿ. ಬರೀರಿ" ಎಂದು ಆಚೆ ತಿರುಗಿದರು.

ನಗು ಇಳಿದ ಮೇಲೆ ಹೆದರಿಕೆ ಏರಿತು. ತಾಸಿಗೆ ಎರಡು ಮೈಲಿ ಎಂಬ ಉತ್ತರ ಅಲ್ಲಿ ಎಲ್ಲೂ ಇರಲಿಲ್ಲ. ಉಳಿದವು ತಾಸಿಗೆ ನಾಲ್ಕು ಮೈಲಿ, ತಾಸಿಗೆ ಹದಿನಾರು ಮೈಲಿ, ನಿಮಿಷಕ್ಕೆ ನೂರ ಎಪ್ಪತ್ತಾರು ಅಡಿ. ತನ್ನ ಲೆಕ್ಕವೇ ತಪ್ಪಿತೇ? ಮೊದಲಿನಿಂದ ಮತ್ತೆ ಮಾಡಿದಳು. ಮತ್ತೆ ಎರಡೇ ಬಂತು. ಹೊರಗೆ ಗಂಟೆಯ ಜವಾನ ಎದ್ದು ನಿಂತಿದ್ದ. ಈ ಒಂದರಲ್ಲಿ ಹೋದರೆ ಯಲಬುರ್ಗಾದ ಆ ಬಾಗಿಲು ಮುಚ್ಚುತ್ತದೆ.

ಆಗ ಬೇವಿನ ಮರದ ಬುಡದಲ್ಲಿ ಕೂತಂತೆ, ಒಬ್ಬೊಬ್ಬಳನ್ನೇ ಕರೆದಳು. ಹದಿನಾರು ಯಾರದು? ಫರ್ಲಾಂಗನ್ನೇ ಮೈಲಿ ಅಂದಾಕಿಯದು. ಎಂಟನ್ನು ಆರರಿಂದ ಗುಣಿಸಿ ನಲವತ್ತೆಂಟು, ಎರಡರಿಂದ ಗುಣಿಸಿ ಹದಿನಾರು, ಅಂತರದ ಅರ್ಧ ಮತ್ತೆ ಹದಿನಾರು. ಹೌದು. ನಾಲ್ಕು ಯಾರದು? ಹೊಳೆಯನ್ನು ಕೇಳಿದರೆ ದೋಣಿಯನ್ನು ಹೇಳಿದಾಕಿಯದು. ಹೌದು. ನಿಮಿಷಕ್ಕೆ ಎರಡು ಮೈಲಿ ಬಾಲ ಮರೆತಾಕಿಯದು, ಅವಳು ಹಳೆಯ ಪರಿಚಯ. ಹಾಗಾದರೆ ಈ ನೂರ ಎಪ್ಪತ್ತಾರು ಯಾರದು? ಏನು ಮರೆತರೆ ನೂರ ಎಪ್ಪತ್ತಾರು ಬರುತ್ತದೆ? ಎಷ್ಟು ಯೋಚಿಸಿದರೂ ಅದರಲ್ಲಿ ಬೀಳುವ ಹೆಂಗಸು ಸಿಗಲಿಲ್ಲ. ಯಾರೂ ಬೀಳದ ಉತ್ತರ ಎಂದರೆ ಅದು ಬಲೆಯೇ ಅಲ್ಲ.

ಆದರೂ ಭಾಗಿಸಿ ನೋಡದೆ ಒಪ್ಪುವವಳಲ್ಲ. ಎರಡು ಮೈಲಿಗೆ ಹತ್ತು ಸಾವಿರದ ಐನೂರ ಅರವತ್ತು ಅಡಿ. ತಾಸಿಗೆ ಅರವತ್ತು ನಿಮಿಷ. ಭಾಗಿಸಿದಳು. ನೂರ ಎಪ್ಪತ್ತಾರು, ಶೇಷ ಇಲ್ಲ. ತನ್ನ ಎರಡು ಮೈಲಿಯೇ ಬೇರೆ ಬಾಲ ಹಚ್ಚಿಕೊಂಡು ಎದುರಿಗೆ ಕೂತಿತ್ತು. ಗೀಟು ಹಾಕಿ ಲೇಖಣಿಕೆ ಕೆಳಗಿಟ್ಟಾಗ ಗಂಟೆ ಬಡಿಯಿತು.

ಈ ಸಲ ಗುಮಾಸ್ತ ಅವಳ ಹೆಸರು ಓದಿದ. ಕಾಯಮ್ಮಿನ ಹುಕುಂ ಬರುವ ಹೊತ್ತಿಗೆ ಹೊಸ ಜೋಳ ಬಂದಿತ್ತು. ಯಲಬುರ್ಗಾದ ಹುಡುಗಿಯರು ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಗುರುಲಿಂಗಮ್ಮ ಅವರಿಗೆ ಒಂದು ದಿನ ಸೂಟಿ ಕೊಟ್ಟು, ಗಂಟೊಂದನ್ನು ಕಟ್ಟಿಕೊಂಡು ಕೊಪ್ಪಳದ ಮೋಟಾರು ಹತ್ತಿದಳು.

ಹಜರತಬೀ ಕಟ್ಟೆಯ ಮೇಲಿದ್ದರು. ಸುದ್ದಿ ಹೈದರಸಾಬನಿಂದ ಆಗಲೇ ತಿಳಿದಿತ್ತು. "ಬಾರವಾ ಪಾಸಾದಾಕಿ" ಎಂದು ಸರಿದು ಜಾಗ ಕೊಟ್ಟರು. ಗುರುಲಿಂಗಮ್ಮ ಕೂಡಲಿಲ್ಲ. ಗಂಟು ಬಿಚ್ಚಿದಳು. ಹೊಸ ಜೋಳ, ತೆಂಗಿನಕಾಯಿ, ಬೆಲ್ಲ, ಒಂದು ಕುಪ್ಪಸದ ಕಣ.

"ಸೆರಗು ಹಿಡೀರಿ ಅಕ್ಕೋರ. ಉಡಿ ತುಂಬ್ತೀನಿ."

ಹಜರತಬೀಯ ನಗು ನಿಂತಿತು. ಉಡಿ ತುಂಬುವುದು ಮುತ್ತೈದೆಯರ ಮಾತು. ಗಂಡ ಇಲ್ಲದವರ ಉಡಿಯನ್ನು ಯಾರೂ ತುಂಬುವುದಿಲ್ಲ, ಗಂಡ ಇಲ್ಲದವರ ಕೈಯಿಂದ ಯಾರೂ ತುಂಬಿಸಿಕೊಳ್ಳುವುದಿಲ್ಲ. "ಹುಚ್ಚಿ ಅದಿಯೇನು? ತುಂಬಾಕಿ ನೀನು, ತುಂಬಿಸ್ಕೊಳ್ಳಾಕಿ ನಾನು. ನೋಡಿದ ಮಂದಿ ಏನಂದಾರು?"

"ಗಂಡ ಇದ್ದೋರಿಗೆ ತುಂಬೂ ಉಡಿ ಬ್ಯಾರೆ ರೀ. ಇದು ನನ್ನ ಸಾಲಿ ಉಳಿಸಿದೋರಿಗೆ. ಇದಕ್ಕ ಯಾರೂ ಶಾಸ್ತ್ರ ಬರದಿಲ್ಲ. ಹಿಡೀರಿ."

ಬಾಗಿಲಲ್ಲಿ ನಿಂತಿದ್ದ ಹೈದರಸಾಬ ಮುಖ ತಿರುಗಿಸಿ ಹಳಿಯ ಕಡೆ ನೋಡಿದ. ಹಜರತಬೀ ಮೆಲ್ಲಗೆ ಸೆರಗು ಹರವಿದರು. ಗುರುಲಿಂಗಮ್ಮ ಬೊಗಸೆಬೊಗಸೆ ಜೋಳ ಸುರಿದಳು, ಕಾಯಿ ಇಟ್ಟಳು, ಬೆಲ್ಲ ಇಟ್ಟಳು, ಮೇಲೆ ಕಣ ಹೊದಿಸಿ ಬಗ್ಗಿ ಕಾಲು ಮುಟ್ಟಿದಳು. ಹಜರತಬೀ ತುಂಬಿದ ಸೆರಗನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡರು.

ಆಮೇಲೆ ಕೇಳಿದರು, ಎಂದೂ ಕೇಳದಿದ್ದ ಮಾತು. ಆ ಕಾಲದಲ್ಲಿ ಗುರುಲಿಂಗಮ್ಮನಂಥವರ ಮನೆಯವರು ಹಜರತಬೀಯಂಥವರ ಮನೆಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಕೇಳುವುದೂ ಇರಲಿಲ್ಲ, ಬೇಡವೆನ್ನುವುದೂ ಇರಲಿಲ್ಲ.

"ಗುರುಲಿಂಗವ್ವ, ಈ ಜ್ವಾಳ ಬೀಸಿ ರೊಟ್ಟಿ ಬಡಿದ್ರ ಒಂದು ತುತ್ತು ಉಣ್ತಿಯೇನು?"

ಗುರುಲಿಂಗಮ್ಮ ಚಪ್ಪಲಿ ಕಟ್ಟೆಯ ಕೆಳಗೆ ಬಿಟ್ಟಳು. "ಬೀಸೂ ಕಲ್ಲು ಎಲ್ಲೈತಿ ತೋರಸ್ರಿ" ಎಂದು ಹೊಸ್ತಿಲು ದಾಟಿ ಒಳಗೆ ಹೋದಳು.